ದೋಷ ಸಿಕ್ಕಾಗ ಎರಡು ಕಾಲಂ ತುಂಬಿಸಿ

ಸಾಫ್ಟ್‌ವೇರ್ ತಂಡದಲ್ಲಿರುವ ಶಿವಮೊಗ್ಗದ ಗೆಳೆಯರಿಗೆ: ದೋಷ ದಾಖಲಿಸುವಾಗ ‘ಎಲ್ಲಿ ಸಿಕ್ಕಿತು’ ಎಂಬುದರ ಪಕ್ಕದಲ್ಲೇ ‘ಎಲ್ಲಿ ಸಿಗಬೇಕಿತ್ತು’ ಎಂಬ ಕಾಲಂ ಇಡಿ, ಆ ದೋಷ ಹಿಡಿಯುವ ಹೊಸ ಪರೀಕ್ಷೆಯನ್ನು ಎರಡನೆಯ ಕಾಲಂನಲ್ಲಿ ಬರೆದ ಪರೀಕ್ಷಾ ಹಂತದ ಹೊಣೆಗಾರರೇ ಬರೆಯಲಿ. ಅಡಿಕೆ ಮಂಡಿಯ ಬಿಲ್ಲಿಂಗ್ ತಂತ್ರಾಂಶವನ್ನೇ ನೋಡಿ. ಕ್ವಿಂಟಲಿಗೆ 50,000 ರೂಪಾಯಿ ದರದಲ್ಲಿ 165 ಕಿಲೋ ರಾಶಿ ಇಡಿ ಅಡಿಕೆಗೆ 82,500 ಬರಬೇಕು. 50,000 ಮಾತ್ರ ಬಂದರೆ, 165ನ್ನು 100ರಿಂದ ಭಾಗಿಸುವಾಗ ದಶಮಾಂಶ ಉದುರಿಹೋಗಿದೆ ಎಂದರ್ಥ. ಮಂಡಿಯ ಗುಮಾಸ್ತರು ಸ್ವೀಕಾರ ಪರೀಕ್ಷೆಯಲ್ಲಿ ಇದನ್ನು ಹಿಡಿದರೂ, ಸಿಗಬೇಕಿದ್ದದ್ದು ಯುನಿಟ್ ಪರೀಕ್ಷೆಯಲ್ಲಿ. ಅದು ಕೋಡ್ ಬರೆದವರ ಕೆಲಸ. ತೂಕದ ಯಂತ್ರ ಗ್ರಾಂನಲ್ಲಿ ಕಳುಹಿಸಿದ್ದನ್ನು ಬಿಲ್ಲಿಂಗ್ ಕಿಲೋ ಎಂದು ಓದಿದರೆ ಅದು ಇಂಟಿಗ್ರೇಷನ್ ಹಂತದ್ದು, ಸಾಮಾನ್ಯವಾಗಿ ಎರಡೂ ಭಾಗದ ಡೆವಲಪರ್‌ಗಳದ್ದು. (ಇಬ್ಬರೂ ‘ನನ್ನ ಕಡೆ ಸರಿಯಿದೆ’ ಎನ್ನುವುದು ಇಲ್ಲಿಯೇ.) ತೂಕದಿಂದ ಮುದ್ರಿತ ಬಿಲ್ಲಿನವರೆಗಿನ ಇಡೀ ಓಟ ಸಿಸ್ಟಂ ಪರೀಕ್ಷೆ, ಅದು ಟೆಸ್ಟರ್‌ಗಳದ್ದು. ಕೆಳಹಂತದ ಪರೀಕ್ಷೆ ಬೇಗ ಓಡುತ್ತದೆ, ತಪ್ಪಿರುವ ಭಾಗವನ್ನೇ ತೋರಿಸುತ್ತದೆ. ಅದಕ್ಕೇ ಈ ಉಪಾಯ ಫಲಿಸುತ್ತದೆ. ಆದರೆ ಚೀಲದ ತೂಕ ಕಳೆಯಬೇಕೆಂಬುದೇ ಬೇಡಿಕೆಪಟ್ಟಿಯಲ್ಲಿ ಇಲ್ಲದಿದ್ದರೆ ಈ ಕಾಲಂ ಕೈಕೊಡುತ್ತದೆ: ಕೆಳಗಿನ ಹಂತಗಳೆಲ್ಲ ಪಾಸಾಗುತ್ತವೆ, ಗುಮಾಸ್ತರಲ್ಲದೆ ಬೇರೆ ಯಾರೂ ಹಿಡಿಯಲಾರರು.