ಬ್ಯಾಂಕ್ ಬಡ್ಡಿಯೇ ಅಳತೆಗೋಲಲ್ಲ: ಹೊಸ ಯಂತ್ರಕ್ಕೆ ಡಿಸ್ಕೌಂಟ್ ದರ ಹೀಗೆ ಹುಡುಕಿ

ಗಂಗಾವತಿಯ ಒಂದು ರೈಸ್ ಮಿಲ್ ಎಂದುಕೊಳ್ಳಿ. ಪ್ರೈವೇಟ್ ಲಿಮಿಟೆಡ್ ಕಂಪನಿ, ಸೋನಾ ಮಸೂರಿ ವ್ಯಾಪಾರ. ಹೊಸ ಡ್ರೈಯರ್ ಮತ್ತು ಸಾರ್ಟೆಕ್ಸ್ ಯಂತ್ರಕ್ಕೆ 1 ಕೋಟಿ ರೂಪಾಯಿ ಬೇಕು. ತೆರಿಗೆ ಕಳೆದು ವರ್ಷಕ್ಕೆ 27 ಲಕ್ಷದಂತೆ ಐದು ವರ್ಷ ಬರುತ್ತದೆ ಎಂಬ ಅಂದಾಜು ಇದೆ. ಬ್ಯಾಂಕಿನವರು ಪೂರ್ತಿ 1 ಕೋಟಿಯನ್ನೂ 10.5% ಬಡ್ಡಿಗೆ ಕೊಡಲು ಸಿದ್ಧ.

ಮಾಲೀಕರು ಸಾಮಾನ್ಯವಾಗಿ ಹಾಕುವ ಲೆಕ್ಕ ಇದು: ಮುಂದೆ ಬರುವ ಹಣವನ್ನು 10.5% ದರದಲ್ಲಿ ಇಂದಿನ ಬೆಲೆಗೆ ಇಳಿಸುತ್ತಾರೆ. ಹೀಗೆ ಇಳಿಸುವ ದರವೇ ಡಿಸ್ಕೌಂಟ್ ದರ. 101 ಲಕ್ಷ ಆಗುತ್ತದೆ. ಹಾಕಿದ್ದು 100, ಬಂದದ್ದು 101, ಸರಿ ಎನ್ನುತ್ತಾರೆ. ಆದರೆ ಲೆಕ್ಕ ಜಾರುವುದು ಇಲ್ಲೇ.

ಬ್ಯಾಂಕ್ 1 ಕೋಟಿ ಕೊಡುತ್ತಿರುವುದು ಆ ಯಂತ್ರವೊಂದನ್ನೇ ನಂಬಿ ಅಲ್ಲ. ಮಿಲ್‌ನ ಜಾಗ, ಗೋದಾಮು, ಮಾಲೀಕರ ಖಾತರಿ, ಇವೆಲ್ಲ ಆ ಸಾಲದ ಹಿಂದೆ ನಿಂತಿವೆ. ಈ ಸಾಲ ತೆಗೆದುಕೊಂಡರೆ ನಾಳೆ ಬೇರೆ ಕೆಲಸಕ್ಕೆ ಸಿಗುವ ಸಾಲ ಅಷ್ಟು ಕಡಿಮೆಯಾಗುತ್ತದೆ. ಅಂದರೆ ಯಂತ್ರಕ್ಕೆ ಮಾಲೀಕರ ಹಣವೂ ದುಡಿಯುತ್ತಿದೆ, ಆದರೆ ಅದಕ್ಕೆ ಕೂಲಿ ಲೆಕ್ಕ ಹಾಕಿಲ್ಲ. ಹಾಗಾಗಿ ಸಾಲದ ಖರ್ಚು ಮತ್ತು ಮಾಲೀಕರ ಬಂಡವಾಳದ ಖರ್ಚು, ಎರಡನ್ನೂ ಅವುಗಳ ಪಾಲಿಗೆ ತಕ್ಕಂತೆ ಬೆರೆಸಿ ಒಂದು ಸರಾಸರಿ ತೆಗೆಯಬೇಕು. ಇದನ್ನೇ ಬಂಡವಾಳದ ತೂಕದ ಸರಾಸರಿ ವೆಚ್ಚ, ಲೆಕ್ಕಿಗರ ಮಾತಿನಲ್ಲಿ ‘ವ್ಯಾಕ್’ ಎನ್ನುತ್ತಾರೆ.

ಮೊದಲು ತೂಕ

ಬ್ಯಾಲೆನ್ಸ್ ಶೀಟ್ ತೆರೆದರೆ ಮಾಲೀಕರ ಬಂಡವಾಳ ಮತ್ತು ಉಳಿಕೆ ಲಾಭ ಸೇರಿ 2 ಕೋಟಿ, ಸಾಲ 4 ಕೋಟಿ ಎಂದಿರುತ್ತದೆ. ಈ 2 ಕೋಟಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ಅದು ಹಳೆಯ ಲೆಕ್ಕ. ಕೇಳಬೇಕಾದ್ದು ಇಷ್ಟೇ: ನಡೆಯುತ್ತಿರುವ ಮಿಲ್ಲನ್ನು ಇವತ್ತು ಮಾರಿ, ಸಾಲ ತೀರಿಸಿದರೆ ಕೈಯಲ್ಲಿ ಎಷ್ಟು ಉಳಿಯುತ್ತದೆ? ನಮ್ಮ ಉದಾಹರಣೆಯಲ್ಲಿ 6 ಕೋಟಿ ಎಂದಿಟ್ಟುಕೊಳ್ಳೋಣ. ಮಿಲ್‌ಗೆ ಬೇಕಿಲ್ಲದ ಖಾಲಿ ಸೈಟು ಕಂಪನಿ ಹೆಸರಲ್ಲಿದ್ದರೆ ಅದನ್ನು ಇದರಲ್ಲಿ ಸೇರಿಸಬೇಡಿ.

ಸಾಲದ ಕಡೆಯೂ ಒಂದು ಎಚ್ಚರ ಬೇಕು. ತುಂಗಭದ್ರಾ ಅಚ್ಚುಕಟ್ಟಿನ ಮಿಲ್‌ಗಳಲ್ಲಿ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಖಾತೆಯ ಬಾಕಿ ವರ್ಷವಿಡೀ ಒಂದೇ ತರ ಇರುವುದಿಲ್ಲ. ಮುಂಗಾರಿನ ಭತ್ತ ಬಂದಾಗ ಖರೀದಿಗೆ ಸಾಲ ಏರುತ್ತದೆ, ಅಕ್ಕಿ ಮಾರಿದಂತೆ ಇಳಿಯುತ್ತದೆ. ಮಾರ್ಚ್ 31ರ ಒಂದು ದಿನದ ಬಾಕಿ ನೋಡಿ ತೂಕ ಹಾಕಿದರೆ ತಪ್ಪುತ್ತದೆ. ಹನ್ನೆರಡು ತಿಂಗಳ ಕೊನೆಯ ಬಾಕಿಗಳ ಸರಾಸರಿ ತೆಗೆಯಿರಿ. ಹಾಗೆ ತೆಗೆದಾಗಲೂ ಟರ್ಮ್ ಲೋನ್ ಸೇರಿ 4 ಕೋಟಿಯೇ ಬಂತು ಎನ್ನೋಣ. ಆಗ ಒಟ್ಟು 10 ಕೋಟಿಯಲ್ಲಿ ಸಾಲದ ಪಾಲು 40%, ಮಾಲೀಕರ ಪಾಲು 60%.

ಸಾಲದ ಖರ್ಚು

ಇದು ಸುಲಭ. ಹಳೆಯ ಸಾಲ 8.5%ಗೆ ಸಿಕ್ಕಿದ್ದರೂ ಅದು ಲೆಕ್ಕಕ್ಕಿಲ್ಲ. ಇವತ್ತು ಹೊಸದಾಗಿ ಕೇಳಿದರೆ ಬ್ಯಾಂಕ್ ಹೇಳುವ 10.5% ಹಿಡಿಯಿರಿ. ಬಡ್ಡಿಗೆ ತೆರಿಗೆ ವಿನಾಯಿತಿ ಇದೆ. 22% ತೆರಿಗೆಯ ದಾರಿ ಆರಿಸಿಕೊಂಡ ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ 25.17% ಬೀಳುತ್ತದೆ. ಅಷ್ಟು ಕಳೆದರೆ ಸಾಲದ ನಿಜವಾದ ಖರ್ಚು 7.86%.

ಸರ್ಕಾರದ ಬಡ್ಡಿ ರಿಯಾಯಿತಿ ಸಿಕ್ಕರೂ ಇಲ್ಲಿ ದರ ಇಳಿಸಬೇಡಿ. ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ 3% ರಿಯಾಯಿತಿ ಇದೆ. ನಿಮ್ಮ ಯೋಜನೆಗೆ ಅದು ಸಿಕ್ಕರೆ, ಉಳಿಯುವ ಬಡ್ಡಿಯನ್ನು ಬೇರೆಯಾಗಿ ಲೆಕ್ಕ ಹಾಕಿ ಕೊನೆಗೆ ಕೂಡಿಸಿ.

ಮಾಲೀಕರ ಹಣದ ಖರ್ಚು

ಜಾಸ್ತಿ ತಲೆ ಕೆಡುವುದು ಇಲ್ಲಿ. ಪಾಲುದಾರಿಕೆ ಸಂಸ್ಥೆಗಳಲ್ಲಿ ಪಾಲುದಾರರ ಬಂಡವಾಳಕ್ಕೆ 12% ಬಡ್ಡಿ ಬರೆಯುವ ರೂಢಿ ಇದೆ. ಅದನ್ನೇ ಬಂಡವಾಳದ ಖರ್ಚು ಎಂದುಕೊಳ್ಳುವವರು ಬಹಳ. ಅದು ತೆರಿಗೆ ಕಾನೂನು ಒಪ್ಪುವ ಮಿತಿ ಅಷ್ಟೇ, ಭತ್ತದ ವ್ಯಾಪಾರದ ಅಪಾಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಸರಿಯಾದ ದಾರಿ ಹೀಗೆ. ಹತ್ತು ವರ್ಷದ ಸರ್ಕಾರಿ ಸಾಲಪತ್ರದ ಇಳುವರಿಯಿಂದ ಶುರು ಮಾಡಿ, 7% ಎನ್ನೋಣ. ಷೇರುಪೇಟೆಯ ಅಪಾಯಕ್ಕೆ ಅದರ ಮೇಲೆ ಇನ್ನೊಂದು 7% ಎಂದು ಹಿಡಿಯೋಣ. ಈ ಎರಡನೇ 7ನ್ನು ಬೀಟಾದಿಂದ ಗುಣಿಸಬೇಕು. ಪೇಟೆ ಏರಿಳಿದಾಗ ಒಂದು ಷೇರು ಎಷ್ಟರ ಮಟ್ಟಿಗೆ ಏರಿಳಿಯುತ್ತದೆ ಎಂಬುದೇ ಬೀಟಾ.

ನಮ್ಮ ಮಿಲ್ ಷೇರುಪೇಟೆಯಲ್ಲಿಲ್ಲ. ಹಾಗಾಗಿ ಅಲ್ಲಿರುವ ಅಕ್ಕಿ ಕಂಪನಿಗಳ ಬೀಟಾ ಎರವಲು ಪಡೆಯಬೇಕು. ಕೆಆರ್‌ಬಿಎಲ್, ಎಲ್‌ಟಿ ಫುಡ್ಸ್ ಇವೆ. ಆದರೆ ಅವು ಬಾಸ್ಮತಿಯವು, ರಫ್ತು ದೊಡ್ಡದು. ಪೂರ್ತಿ ಹೊಂದುವುದಿಲ್ಲ, ಬೇರೆ ದಾರಿಯೂ ಇಲ್ಲ. ಅಂಥವುಗಳ ಸರಾಸರಿ ಬೀಟಾ 0.9, ಸಾಲ ಅವುಗಳ ಷೇರು ಬೆಲೆಯ 0.3 ಪಟ್ಟು ಎಂದು ಊಹಿಸೋಣ. ಸಾಲ ಹೆಚ್ಚಾದಷ್ಟೂ ಬೀಟಾ ಏರುತ್ತದೆ, ಹಾಗಾಗಿ ಮೊದಲು ಅವುಗಳ ಸಾಲದ ಪ್ರಭಾವ ತೆಗೆಯಬೇಕು: 0.9ನ್ನು (1 + 0.75 × 0.3)ರಿಂದ ಭಾಗಿಸಿದರೆ 0.735. 0.75 ಎಂದರೆ ತೆರಿಗೆ ಕಳೆದ ಪಾಲು. ನಮ್ಮಲ್ಲಿ 6 ಕೋಟಿಗೆ 4 ಕೋಟಿ ಸಾಲ. ಆ ಪ್ರಭಾವ ಮತ್ತೆ ಹಾಕಿದರೆ 0.735 × (1 + 0.75 × 0.667), ಅಂದರೆ 1.10. ಖರ್ಚು 7 + 1.1 × 7 = 14.7%.

ಸಣ್ಣ ಮಿಲ್‌ನ ಪಾಲನ್ನು ಬೇಕೆಂದಾಗ ಮಾರಲು ಆಗುವುದಿಲ್ಲ. ಅದಕ್ಕೆ ಮೂರು ಶೇಕಡಾ ಚಿಲ್ಲರೆ ಸೇರಿಸಿ 18% ಎಂದು ನಾನು ಹಿಡಿಯುತ್ತೇನೆ. ಇದಕ್ಕೆ ಸೂತ್ರವಿಲ್ಲ, ಅಂದಾಜು ಮಾತ್ರ. ಉತ್ತರ ಬ್ಯಾಂಕಿನ 10.5%ಗಿಂತ ಕಡಿಮೆ ಬಂದರೆ ಮಾತ್ರ ಎಲ್ಲೋ ತಪ್ಪಿದೆ ಎಂದೇ ಅರ್ಥ. ಸಾಲಗಾರರ ಪಾಲು ಹೋದ ಮೇಲೆ ಉಳಿದದ್ದು ತಾನೇ ಮಾಲೀಕರಿಗೆ?

ಬೆರೆಸಿ ನೋಡಿ

60% × 18 = 10.8. 40% × 7.86 = 3.14. ಒಟ್ಟು ಸುಮಾರು 14%. ಬ್ಯಾಲೆನ್ಸ್ ಶೀಟಿನ ಹಳೆಯ 2 ಕೋಟಿ ಹಾಕಿದ್ದರೆ 11.2% ಬರುತ್ತಿತ್ತು.

ಈಗ ಅದೇ 27 ಲಕ್ಷವನ್ನು 14%ರಲ್ಲಿ ಇಳಿಸಿ. 92.7 ಲಕ್ಷ. ಹಾಕಿದ 1 ಕೋಟಿಗೆ 7.3 ಲಕ್ಷ ಕಡಿಮೆ. ಯಂತ್ರ ಬೇಡ. ನೆನಪಿಡಿ, ಆ 27 ಲಕ್ಷದಿಂದ ಬಡ್ಡಿಯನ್ನು ಮತ್ತೆ ಕಳೆಯಬಾರದು, ಅದು ದರದಲ್ಲೇ ಸೇರಿದೆ.

ಈ 14% ಮಿಲ್‌ನ ಮಾಮೂಲಿ ಕೆಲಸಕ್ಕೆ ಹೊಂದುವ ದರ. ಡ್ರೈಯರ್, ಸಾರ್ಟೆಕ್ಸ್ ಅದೇ ಅಕ್ಕಿಯ ವ್ಯಾಪಾರ, ಆದ್ದರಿಂದ ಸರಿ. ಅದೇ ಮಾಲೀಕರು ತೌಡಿನ ಎಣ್ಣೆ ಘಟಕ ಹಾಕಲು ಹೊರಟರೆ ಈ ದರ ಬಳಸಬಾರದು. ಎಣ್ಣೆಯ ಬೆಲೆ ಬೇರೆ ದಾರಿ ಹಿಡಿಯುತ್ತದೆ. ಖಾದ್ಯ ತೈಲ ಕಂಪನಿಗಳ ಬೀಟಾ ತೆಗೆದುಕೊಂಡು, ಆ ಘಟಕ ಎಷ್ಟು ಸಾಲ ತಾಳುತ್ತದೆ ನೋಡಿ, ಮೊದಲಿಂದ ಲೆಕ್ಕ ಹಾಕಬೇಕು. ಬಳ್ಳಾರಿಯಲ್ಲಿ ಜೀನ್ಸ್ ಘಟಕ ಶುರು ಮಾಡುವುದಾದರೂ ಅಷ್ಟೇ.

ನೀರಿನ ಭಯವನ್ನು ದರಕ್ಕೆ ತುರುಕುವವರೂ ಇದ್ದಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದ ಮೇಲೆ ಈ ಭಯ ಸಹಜ. ಆದರೆ ಸುಮ್ನೆ 4% ಏರಿಸಿದರೆ ಐದನೇ ವರ್ಷದ ಹಣಕ್ಕೆ ಪೆಟ್ಟು ಜಾಸ್ತಿ, ಮೊದಲ ವರ್ಷಕ್ಕೆ ಕಡಿಮೆ. ನೀರು ಹಾಗೆ ಲೆಕ್ಕ ನೋಡಿ ಕೈಕೊಡುವುದಿಲ್ಲ. ಐದರಲ್ಲಿ ಒಂದು ವರ್ಷ ಎರಡನೇ ಬೆಳೆ ಇಲ್ಲ ಎನಿಸಿದರೆ, ಆ ನಷ್ಟದ ಐದನೇ ಒಂದು ಭಾಗವನ್ನು ಪ್ರತಿ ವರ್ಷದ ಆದಾಯದಲ್ಲೇ ಕಳೆಯಿರಿ.

ಕೊನೆಗೆ, 14% ಎಂಬುದನ್ನು ಕಲ್ಲಿನ ಮೇಲೆ ಕೆತ್ತಬೇಡಿ. 13 ಮತ್ತು 15ರಲ್ಲೂ ಹಾಕಿ ನೋಡಿ. ನಮ್ಮ ಯಂತ್ರ ಗಳಿಸುವುದು ಸುಮಾರು 11%, ಹಾಗಾಗಿ ಎರಡರಲ್ಲೂ ಬೇಡ ಎಂದೇ ಬರುತ್ತದೆ, ವಾದಕ್ಕೆ ಜಾಗವಿಲ್ಲ. ಅದೇ ವರ್ಷಕ್ಕೆ 29.5 ಲಕ್ಷ ಬರುವಂತಿದ್ದರೆ 13ರಲ್ಲಿ ಹೌದು, 15ರಲ್ಲಿ ಬೇಡ. ಆಗ ದರದ ಜೊತೆ ಜಗ್ಗಾಡುವುದಕ್ಕಿಂತ ಯಂತ್ರದ ಬೆಲೆಯನ್ನು ಇನ್ನು ನಾಲ್ಕೈದು ಲಕ್ಷ ಇಳಿಸಲು ಡೀಲರ್ ಜೊತೆ ಕೂರುವುದು ವಾಸಿ.