ಬಿಲ್ ಸಂಖ್ಯೆ 147 ಅನ್ನು ವಾಪಸ್ ಕಳುಹಿಸಿದ ಬಗೆ

ಕಲಬುರಗಿಯ ತೊಗರಿಬೇಳೆ ಮಿಲ್ಲೊಂದರ ಲೆಕ್ಕಪತ್ರ ವಿಭಾಗದಲ್ಲಿ ಪೂರೈಕೆದಾರರ ಬಿಲ್ಲುಗಳನ್ನು ಪರಿಶೀಲಿಸಿ ಪಾವತಿಗೆ ಕಳುಹಿಸುವುದು ನನ್ನ ಕೆಲಸ. ಮೊದಮೊದಲು ಕೊರತೆಯಿದ್ದ ಬಿಲ್ಲಿನ ಮೇಲೆ ‘ದಾಖಲೆ ಅಪೂರ್ಣ, ವಾಪಸ್’ ಎಂದಷ್ಟೇ ಬರೆದು ಕಳುಹಿಸುತ್ತಿದ್ದೆ. ಹುಮನಾಬಾದಿನಿಂದ ನಮಗೆ ಪ್ಲಾಸ್ಟಿಕ್ ಚೀಲ ತಯಾರಿಸಿ ಕೊಡುವವರ ಮುನೀಮರು ಒಂದೇ ಬಿಲ್ಲಿಗಾಗಿ ಮೂರನೆಯ ಸಲ ಬಸ್ಸು ಹತ್ತಿ ಬಂದು, “ಏನೇನ್ ಕಮ್ಮಿ ಅದಾವ ಒಂದೇ ಸಲಕ್ಕ ಹೇಳಿಬಿಡ್ರಿ ಸರ” ಎಂದಾಗ ನನಗೆ ಉತ್ತರ ಹೊಳೆಯಲಿಲ್ಲ. ಪ್ರತಿ ಸಲವೂ ನಾನು ಮೊದಲು ಕಣ್ಣಿಗೆ ಬಿದ್ದ ಕೊರತೆಯನ್ನು ಹೇಳಿ, ಉಳಿದದ್ದನ್ನು ಮುಂದಿನ ಭೇಟಿಯಲ್ಲಿ ಕಂಡುಹಿಡಿಯುತ್ತಿದ್ದೆ.

ಅವರದೇ ಮುಂದಿನ ಬಿಲ್ಲು, ಸಂಖ್ಯೆ 147, ಹೊಸ ಕ್ರಮದ ಮೊದಲ ಪ್ರಯೋಗವಾಯಿತು. ಚೀಲವೊಂದಕ್ಕೆ 14 ರೂಪಾಯಿಯಂತೆ 12,000 ಚೀಲಗಳು, ಅಂದರೆ 1,68,000 ರೂಪಾಯಿ, ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ ಒಟ್ಟು 1,98,240. ಸರಕು ಜೂನ್ 8ರಂದು ಗೋದಾಮಿಗೆ ಬಂದಿತ್ತು. ಬಿಲ್ಲು 10ರಂದು ನನ್ನ ಮೇಜಿಗೆ ಬಂತು. ಖರೀದಿ ಆದೇಶದ ಷರತ್ತುಗಳನ್ನು ಪಕ್ಕದಲ್ಲಿಟ್ಟುಕೊಂಡು ಕೊನೆಯ ಪುಟದವರೆಗೆ ನೋಡಿದಾಗ ಮೂರು ಕೊರತೆಗಳು ಸಿಕ್ಕವು: ಗೇಟಿನ ಮೊಹರಿರುವ ಚಲನ್, ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ಲಿನ ಪ್ರತಿ, ಚೀಲದ ತೂಕದ ಪರೀಕ್ಷಾ ವರದಿ. ಬರೆಯುವ ಮೊದಲು ನಮ್ಮ ಗೋದಾಮಿಗೆ ಫೋನ್ ಮಾಡಿದೆ. ಮೊಹರು ಒತ್ತಿದ ಚಲನ್ ಅಲ್ಲಿನ ಫೈಲಿನಲ್ಲಿಯೇ ಇತ್ತು! ಕೇಳದೇ ಬರೆದಿದ್ದರೆ ನಮ್ಮಲ್ಲಿಯೇ ಇದ್ದ ಕಾಗದವನ್ನು ಪೂರೈಕೆದಾರರಿಂದ ಬೇಡಿದಂತಾಗುತ್ತಿತ್ತು.

ಉಳಿದ ಎರಡಕ್ಕೆ ನಾನು ಕಳುಹಿಸಿದ ಟಿಪ್ಪಣಿ ಹೀಗಿತ್ತು:

“ವಿಷಯ: ಬಿಲ್ ಸಂಖ್ಯೆ 147, ರೂ. 1,98,240 – ಎರಡು ದಾಖಲೆಗಳು ಬೇಕಾಗಿವೆ.

ಮಾನ್ಯರೇ, ತಾವು ಕಳುಹಿಸಿದ 12,000 ಚೀಲಗಳು ಜೂನ್ 8ರಂದು ಪೂರ್ಣವಾಗಿ ತಲುಪಿವೆ. ಬಿಲ್ಲಿನ ದರ ಮತ್ತು ಮೊತ್ತ ಖರೀದಿ ಆದೇಶಕ್ಕೆ ಹೊಂದುತ್ತವೆ. ಪಾವತಿಗೆ ಈ ಎರಡು ದಾಖಲೆಗಳು ಮಾತ್ರ ಬಾಕಿ ಇವೆ. ಒಂದು, ಈ ಸಾಗಣೆಯ ಇ-ವೇ ಬಿಲ್ಲಿನ ಪ್ರತಿ. ಎರಡು, ಆದೇಶದ 7ನೇ ಷರತ್ತಿನಂತೆ ಚೀಲದ ತೂಕದ ಪರೀಕ್ಷಾ ವರದಿ. ಇವುಗಳ ಸ್ಕ್ಯಾನ್ ಪ್ರತಿಯನ್ನು ಇದೇ ಮಿಂಚಂಚೆಗೆ ಕಳುಹಿಸಿದರೆ ಸಾಕು, ತಾವು ಬರುವ ಅಗತ್ಯವಿಲ್ಲ. ದಯವಿಟ್ಟು ಹೊಸ ಬಿಲ್ಲು ತಯಾರಿಸಬೇಡಿ; ಬಿಲ್ ಸಂಖ್ಯೆ 147 ಹಾಗೆಯೇ ಮಾನ್ಯವಾಗಿರುತ್ತದೆ.”

ಕೊನೆಯ ವಾಕ್ಯದ ಹಿಂದೆ ನನ್ನದೇ ಒಂದು ತಪ್ಪಿದೆ. ಹಿಂದೊಮ್ಮೆ ಇನ್ನೊಬ್ಬ ಪೂರೈಕೆದಾರರಿಗೆ, ಒಂದು ಲಗತ್ತಷ್ಟೇ ಬೇಕಿದ್ದಾಗ, ‘ಬಿಲ್ ಸರಿಪಡಿಸಿ ಕಳುಹಿಸಿ’ ಎಂದು ಬರೆದಿದ್ದೆ. ಅವರು ಅದೇ ಸರಕಿಗೆ ಹೊಸ ಸಂಖ್ಯೆಯ ಬಿಲ್ಲು ಮಾಡಿದರು. ಎರಡೂ ಅವರ ಜಿಎಸ್‌ಟಿ ವಿವರಪಟ್ಟಿಗೆ ಸೇರಿ, ನಮ್ಮ ಖರೀದಿಗಳ ತೆರಿಗೆಯನ್ನು ಜಿಎಸ್‌ಟಿ ಪೋರ್ಟಲ್ ತೋರಿಸುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಒಂದೇ ಲೋಡಿಗೆ ಎರಡು ಬಾರಿ ತೆರಿಗೆ ಕಾಣಿಸಿಕೊಂಡಿತು. ತಿಂಗಳ ಕೊನೆಗೆ ತಾಳೆ ನೋಡುವಾಗ ಗೋದಾಮಿನ ಸ್ವೀಕೃತಿ ಒಂದೇ ಇದ್ದುದರಿಂದ ವಿಷಯ ತಿಳಿಯಿತು, ಅವರು ಕ್ರೆಡಿಟ್ ನೋಟ್ ಕೊಟ್ಟು ಬಗೆಹರಿಸಬೇಕಾಯಿತು. ಅಂದಿನಿಂದ, ಬಿಲ್ಲಿನಲ್ಲಿಯೇ ದೋಷವಿದೆಯೋ (ಉದಾಹರಣೆಗೆ ನಮ್ಮ ಜಿಎಸ್‌ಟಿ ಸಂಖ್ಯೆ ತಪ್ಪಾಗಿರುವುದು) ಅಥವಾ ಬಿಲ್ಲಿನ ಜೊತೆಗಿರಬೇಕಾದ ಕಾಗದ ಇಲ್ಲವೋ ಎಂಬುದನ್ನು ಟಿಪ್ಪಣಿಯಲ್ಲಿ ಬಿಡಿಸಿ ಹೇಳುತ್ತೇನೆ.

ಇ-ವೇ ಬಿಲ್ಲಿನ ವಿಷಯದಲ್ಲಿ ಪದಗಳನ್ನು ತೂಗಿ ಬರೆದೆ. ಸರಕಿನ ಮೌಲ್ಯ 50,000 ರೂಪಾಯಿ ದಾಟಿರುವುದರಿಂದ ಅದು ಇರಲೇಬೇಕು, ಸಾಗಣೆ ಆರಂಭವಾಗುವ ಮೊದಲೇ ಆಗಿರಬೇಕು. ಆದರೂ ‘ಇ-ವೇ ಬಿಲ್ ಮಾಡಿಲ್ಲ’ ಎಂದು ಬರೆದರೆ ಅದು ಆರೋಪವಾಗುತ್ತದೆ. ನನಗೆ ತಿಳಿದಿದ್ದದ್ದು ಪ್ರತಿ ಲಗತ್ತಾಗಿಲ್ಲ ಎಂಬುದಷ್ಟೇ, ಹಾಗಾಗಿ ಪ್ರತಿಯನ್ನಷ್ಟೇ ಕೇಳಿದೆ.

ಬಿಲ್ಲು ಬಂದ ದಿನವೇ ಟಿಪ್ಪಣಿ ಕಳುಹಿಸಲು ಇನ್ನೊಂದು ಕಾರಣವಿತ್ತು. ಅವರು ನೋಂದಾಯಿತ ಸಣ್ಣ ಉದ್ಯಮದವರು. 2006ರ ಎಂಎಸ್‌ಎಂಇ ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ ಸರಕು ಸ್ವೀಕಾರದಿಂದ 45 ದಿನ ಮೀರುವಂತಿಲ್ಲ. ನಮ್ಮ ಒಪ್ಪಂದದಲ್ಲಿ ಅದು 30 ದಿನ. ಸರಕು ತಲುಪಿದ 15 ದಿನಗಳೊಳಗೆ ಅದರ ಸ್ವೀಕಾರದ ಬಗ್ಗೆ ಲಿಖಿತ ಆಕ್ಷೇಪ ಸಲ್ಲಿಸಿದರೆ ಎಣಿಕೆ ಮುಂದಕ್ಕೆ ಹೋಗುತ್ತದೆ. ಆದರೆ ಇಲ್ಲಿ ಚೀಲಗಳ ಬಗ್ಗೆ ನಮಗೆ ತಕರಾರಿರಲಿಲ್ಲ, ಕೊರತೆಯಿದ್ದದ್ದು ಕಾಗದದಲ್ಲಿ. ಅಂಥ ಟಿಪ್ಪಣಿಯನ್ನು ತೋರಿಸಿ ಗಡುವು ಮುಂದೂಡಬಹುದೆಂಬ ಭರವಸೆ ನಾನು ಇಟ್ಟುಕೊಳ್ಳುವುದಿಲ್ಲ. ಹೀಗಾಗಿ ನಾನು ತಡಮಾಡಿದ ಪ್ರತಿ ದಿನವೂ ನಮ್ಮದೇ 30 ದಿನಗಳಲ್ಲಿ ಕಳೆಯುತ್ತಿತ್ತು.

ಜೂನ್ 13ರಂದು ಎರಡೂ ಪ್ರತಿಗಳು ಒಂದೇ ಮಿಂಚಂಚೆಯಲ್ಲಿ ಬಂದವು. ಸ್ವಲ್ಪ ಹೊತ್ತಿಗೆ ಮುನೀಮರ ಫೋನ್ ಬಂತು: “ಮೂರನೇದ್ ಏನರ ಉಳದದ ಏನ್ರಿ ಸರ?” ಇಲ್ಲವೆಂದು ಹೇಳಿ, ಬಿಲ್ಲನ್ನು ಪಾವತಿಯ ಪಟ್ಟಿಗೆ ಸೇರಿಸಿದೆ.