ಅರ್ಜಿ ಬರುವ ಮೊದಲೇ ಕೇವಿಯೆಟ್: ಹಾವೇರಿ ಪ್ರೊಬೇಟ್ ಕೇಸಿನ ನನ್ನ ಅನುಭವ

ಪ್ರೊಬೇಟ್ ಅರ್ಜಿಗೆ ತಕರಾರು ಅಂದರೆ ನಮ್ಮ ಬಾರ್‌ನಲ್ಲಿ ಬಹಳ ಜನರ ಲೆಕ್ಕ ಒಂದೇ. ನೋಟಿಸ್ ಬರಲಿ, ಆಮೇಲೆ ನೋಡೋಣ. ನಾನು ಹಾಗೆ ಕೂರಲಿಲ್ಲ. ಅರ್ಜಿ ಹುಟ್ಟುವ ಮೊದಲೇ ಎರಡು ಜಿಲ್ಲೆಗಳಲ್ಲಿ ಕೇವಿಯೆಟ್ ಹಾಕಿದೆ. "ಸುಮ್ನೆ ಕಕ್ಷಿದಾರರ ದುಡ್ಡು ಹಾಳು ಮಾಡ್ತೀರಿ" ಎಂದು ಇಬ್ಬರು ಸೀನಿಯರ್‌ಗಳು ಹೇಳಿದ್ದರು. ಕೊನೆಗೆ ಕೇಸು ನಿಂತಿದ್ದೇ ಅದರ ಮೇಲೆ. ಅದಕ್ಕೇ ಬರೆಯುತ್ತಿದ್ದೇನೆ.

ಸಂಗತಿ ಇಷ್ಟು. ಹುಬ್ಬಳ್ಳಿಯಲ್ಲಿ ವಾಸವಿದ್ದ ಹಿರಿಯರೊಬ್ಬರು ತೀರಿಕೊಂಡರು. ಹೆಂಡತಿ ಮೊದಲೇ ಹೋಗಿದ್ದರು. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಹುಬ್ಬಳ್ಳಿಯಲ್ಲಿ ಸ್ವಂತ ದುಡಿಮೆಯ ಮನೆ, ಹಾವೇರಿ ಕಡೆ ಖರೀದಿ ಹೊಲ. ದಿನಕರ್ಮ ಮುಗಿದ ಮೇಲೆ ಮಗ ಒಂದು ವಿಲ್ ತೋರಿಸಿದ. ಬಿಳಿ ಹಾಳೆ, ನೋಂದಣಿ ಇಲ್ಲ. ಆಸ್ತಿ ಎಲ್ಲ ಅವನಿಗೆ, ಎಕ್ಸಿಕ್ಯೂಟರ್ ಕೂಡ ಅವನೇ. ಹಿರಿ ಮಗಳು ನನ್ನ ಆಫೀಸಿಗೆ ಬಂದು ಹಾಳೆಯ ಫೋಟೋ ಇಟ್ಟು ತಾರೀಖು ತೋರಿಸಿದರು. "ಸರ, ಅವತ್ತ ನಮ್ಮಪ್ಪ ದವಾಖಾನ್ಯಾಗ ಇದ್ರಲ್ರೀ."

ನಮ್ಮ ಕಡೆ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯ ಅಲ್ಲ, ನಿಮಗೆ ಗೊತ್ತು. ಆದರೂ ಹೊಲದ ಉತಾರದಲ್ಲಿ ಹೆಸರು ಏರಿಸುವಾಗ ತಂಗಿಯರ ತಕರಾರು ಬಂದರೆ ಮಗ ಪ್ರೊಬೇಟ್‌ಗೆ ಓಡುತ್ತಾನೆ ಅಂತ ನನಗೆ ಅನಿಸಿತು. ಎಲ್ಲಿಗೆ ಓಡುತ್ತಾನೆ ಅನ್ನೋದೇ ಪ್ರಶ್ನೆ. ಉತ್ತರಾಧಿಕಾರ ಕಾಯ್ದೆಯ 270ನೇ ಕಲಂ ಓದಿ ನೋಡಿ. ಸತ್ತವರ ವಾಸಸ್ಥಳ ಇದ್ದ ಜಿಲ್ಲೆಯಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ಅವರ ಯಾವುದಾದರೂ ಆಸ್ತಿ ಇರುವ ಜಿಲ್ಲೆಯಲ್ಲೂ ಹಾಕಬಹುದು. ಹಾಗಾಗಿ ಧಾರವಾಡ ಜಿಲ್ಲೆಯಲ್ಲಿ ಒಂದು, ಹಾವೇರಿ ಜಿಲ್ಲಾ ಕೋರ್ಟಿನಲ್ಲಿ ಒಂದು ಕೇವಿಯೆಟ್ ಹಾಕಿದೆ. ಸ್ಟಾಂಪು, ಟೈಪಿಂಗ್, ಓಡಾಟ ಎಲ್ಲ ಸೇರಿ ಎರಡೂವರೆ ಸಾವಿರದ ಆಸುಪಾಸು ಆಗಿರಬೇಕು.

ಹಾವೇರಿಯಲ್ಲಿ ಫೈಲಿಂಗ್ ಕೌಂಟರ್‌ನಲ್ಲೇ ತಕರಾರು ಶುರುವಾಯಿತು. ಎದುರಿನವರಿಗೆ ಪ್ರತಿ ಕಳಿಸಿದ ರಸೀದಿ ಎಲ್ಲಿ, 90 ದಿನಕ್ಕೆ ಮುಗಿಯುತ್ತೆ ಗೊತ್ತಾ ಅಂದರು. ಅದು ಸಿಪಿಸಿ 148ಎ ಕೇವಿಯೆಟ್ಟಿನ ಮಾತು. ನಮ್ಮದು ಉತ್ತರಾಧಿಕಾರ ಕಾಯ್ದೆಯ 284ನೇ ಕಲಂನದು. ಆ ಕಲಂನಲ್ಲಿ 90 ದಿನದ ಗಡುವು ಇಲ್ಲ. ನಮೂನೆ ಐದನೇ ಅನುಸೂಚಿಯಲ್ಲಿದೆ, ಒಂದೇ ವಾಕ್ಯ: ಇಂಥ ಊರಿನ, ಇಂಥ ದಿನ, ಇಂಥಲ್ಲಿ ತೀರಿಕೊಂಡ ಇಂಥವರ ಆಸ್ತಿ ವಿಷಯದಲ್ಲಿ ಇಂಥವರಿಗೆ ನೋಟಿಸ್ ಕೊಡದೆ ಏನೂ ಮಾಡಬಾರದು. ಕಾಯ್ದೆಯ ಪುಟ ತೆಗೆದು ತೋರಿಸಿದೆ. ಜಗಳ ಬೇಡ ಅಂತ ಮಗನಿಗೂ ಪೋಸ್ಟ್‌ನಲ್ಲಿ ಒಂದು ಪ್ರತಿ ಕಳಿಸಿದೆ. ಎಚ್ಚರಿಕೆಗೆ 90 ದಿನದೊಳಗೆ ಇನ್ನೊಮ್ಮೆ ಹಾಕಿಸಿದೆ. ಕಾನೂನಿಗೆ ಬೇಕಿಲ್ಲ, ರಿಜಿಸ್ಟರ್ ನೋಡುವ ಗುಮಾಸ್ತರಿಗೆ ಬೇಕು.

ಇಲ್ಲಿ ಒಂದು ವಿಷಯಕ್ಕೆ ಬಹಳ ಗಮನ ಕೊಡಿ. ಕೇವಿಯೆಟ್ ಹಿಡಿಯುವುದು ಸತ್ತವರ ಹೆಸರಿನಿಂದ. ಈ ಹಿರಿಯರ ಹೆಸರು ಉತಾರದಲ್ಲಿ ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸೇರಿ ಉದ್ದಕ್ಕೆ ಇತ್ತು. ಆಧಾರ್‌ನಲ್ಲಿ ಬರೀ ಇನಿಷಿಯಲ್. ವಿಲ್‌ನಲ್ಲಿ ಹೆಸರಿನ ಕೊನೆಗೆ 'ಅಪ್ಪ' ಸೇರಿತ್ತು. ಮೂರನ್ನೂ 'ಉರ್ಫ್' ಹಾಕಿ ಬರೆದೆ. ನಾಲ್ಕೈದು ತಿಂಗಳ ಮೇಲೆ ಹಾವೇರಿಯಲ್ಲಿ ಅರ್ಜಿ ಬಂತು, ವಿಲ್‌ನಲ್ಲಿದ್ದ ಹೆಸರಿನಲ್ಲಿ. ತಂಗಿಯರ ವಿಳಾಸ ಅಂತ ಅಪ್ಪನ ಹಳೇ ಬಾಡಿಗೆ ಮನೆಯದು ಕೊಟ್ಟಿದ್ದ. ಕೇವಿಯೆಟ್ ಇರದಿದ್ದರೆ ನೋಟಿಸ್ ವಾಪಸ್ ಹೋಗಿ, ಅಲ್ಲಿನ ಪತ್ರಿಕೆಯಲ್ಲಿ ಪ್ರಕಟಣೆ ಬಂದು, ಯಾರೂ ಹಾಜರಾಗದೆ ಪ್ರೊಬೇಟ್ ಆಗಿಬಿಡುತ್ತಿತ್ತು. ಆಮೇಲೆ 263ರಲ್ಲಿ ರದ್ದತಿ ಕೇಳಬಹುದು, ನಿಜ. ಆದರೆ ಅಷ್ಟರಲ್ಲಿ ಹೊಲ ಯಾರ ಕೈಗೆ ಹೋಗಿರುತ್ತೆ? 285ರ ಪ್ರಕಾರ ಕೇವಿಯೆಟ್ ಹಾಕಿದವರಿಗೆ ನೋಟಿಸ್ ಆಗದೆ ಅರ್ಜಿ ಮುಂದೆ ಹೋಗುವಂತಿಲ್ಲ. ನೋಟಿಸ್ ಸೀದಾ ಹಿರಿ ಮಗಳ ಮನೆಗೆ ಬಂತು.

ಯಾರು ತಕರಾರು ಮಾಡಬಹುದು ಅನ್ನೋದಕ್ಕೆ ನನ್ನ ಅಳತೆ ಒಂದೇ. ಈ ವಿಲ್ ಬಿದ್ದುಹೋದರೆ ಸತ್ತವರ ಆಸ್ತಿಯಲ್ಲಿ ನಿಮಗೆ ಏನಾದರೂ ಬರುತ್ತಾ? ಹೆಣ್ಣುಮಕ್ಕಳಿಗೆ ಬರುತ್ತೆ, ಅವರು ಮೊದಲ ವರ್ಗದ ವಾರಸುದಾರರು. ಹಿಂದಿನ ವಿಲ್‌ನಲ್ಲಿ ಹೆಸರಿದ್ದವರಿಗೂ ಬರುತ್ತೆ. ಇದೇ ವೇಳೆಗೆ ಗದಗದ ಇನ್ನೊಂದು ಕೇಸಿನಲ್ಲಿ ಒಂದು ಪ್ರಯೋಗ ಮಾಡಿದ್ದೆ. ಅಲ್ಲಿ ನನ್ನ ಕಕ್ಷಿದಾರ ದಾಯಾದಿ. ಹೊಲ ಮನೆತನದ್ದು, ಅದನ್ನು ವಿಲ್ ಮಾಡೋಕೆ ಸತ್ತವರಿಗೆ ಹಕ್ಕೇ ಇರಲಿಲ್ಲ ಅಂತ ಅವನ ವಾದ. ಕೇವಿಯೆಟ್ ತೆಗೆದುಹಾಕಿದರು. ಪ್ರೊಬೇಟ್ ಕೋರ್ಟು ನೋಡುವುದು ವಿಲ್ ಖರೆಯೋ ಅಲ್ಲವೋ ಅಂತ ಮಾತ್ರ, ಆಸ್ತಿ ಯಾರದು ಅಂತಲ್ಲ. ಕೃಷ್ಣಕುಮಾರ್ ಬಿರ್ಲಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ್ದೂ ಇದೇ ದಾರಿಯದು. ದಾಯಾದಿಗೆ ಬೇರೆ ದಾವೆಯೇ ಗತಿ. ಅವನ ಹದಿನೈದು ಸಾವಿರ ಅಲ್ಲಿಗೇ ಹೋಯಿತು.

ತಕರಾರು ಬರೆಯುವಾಗ ಬಹಳ ಜನ ಎಲ್ಲವನ್ನೂ ತುಂಬುತ್ತಾರೆ. ಸಹಿ ಖೊಟ್ಟಿ, ಬುದ್ಧಿ ಸ್ಥಿಮಿತ ಇರಲಿಲ್ಲ, ಹೆದರಿಸಿ ಸಹಿ ಮಾಡಿಸಿದರು. ಸಹಿಯೇ ಅವರದಲ್ಲ ಅಂದ ಮೇಲೆ ಹೆದರಿಸಿದ್ದು ಯಾರನ್ನ? ಅಲ್ಲದೆ ಹೆದರಿಸಿದರು, ಮೋಸ ಮಾಡಿದರು ಅಂದರೆ ಅದನ್ನು ಸಾಬೀತು ಮಾಡುವ ಹೊರೆ ನಮ್ಮ ಮೇಲೆ ಬೀಳುತ್ತೆ. ವಿಲ್ ಸರಿಯಾಗಿ ಆಗಿದೆ, ಅನುಮಾನಕ್ಕೆ ಎಡೆಯಿಲ್ಲ ಅಂತ ತೋರಿಸುವ ಹೊರೆ ಮಾತ್ರ ವಿಲ್ ತಂದವನ ಮೇಲೆಯೇ. ಹಳೇ ಮೈಸೂರಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1959ರಷ್ಟು ಹಿಂದೆಯೇ ಇದನ್ನು ಹೇಳಿದೆ. ನಾನು ಎರಡೇ ಮಾತು ಬರೆದೆ. 63ನೇ ಕಲಂ ಪ್ರಕಾರ ವಿಲ್ ಆಗಿಲ್ಲ. ಅನುಮಾನ ಹುಟ್ಟಿಸುವ ಸಂಗತಿಗಳು ಇವು. ಅಕ್ಷರ ತಜ್ಞರು ಬೇಕಾಗಲಿಲ್ಲ, ಮೂವತ್ತು ಸಾವಿರದಷ್ಟು ಉಳಿಯಿತು.

ತಕರಾರು ದಾಖಲಾದ ಮೇಲೆ 295ರ ಪ್ರಕಾರ ಅರ್ಜಿ ದಾವೆಯ ರೂಪಕ್ಕೆ ಬಂತು. ಮಗ ವಾದಿ, ಹೆಣ್ಣುಮಕ್ಕಳು ಪ್ರತಿವಾದಿಗಳು. ದವಾಖಾನೆ ಕಾಗದ ನಾನು ಕೇವಿಯೆಟ್ ಹಾಕಿದ ವಾರವೇ ತೆಗೆಸಿಟ್ಟಿದ್ದೆ. ಕೇಸು ಎಳೆಯುವಷ್ಟು ಕಾಲ ಅವರು ದಾಖಲೆ ಇಡುವುದಿಲ್ಲ. ನಿಯಮದಲ್ಲಿ ಮೂರು ವರ್ಷ ಅಷ್ಟೇ. ಡಿಸ್ಚಾರ್ಜ್ ಕಾರ್ಡ್ ಒಂದನ್ನೇ ನಂಬಬೇಡಿ. ನರ್ಸ್‌ಗಳು ತಾಸಿಗೊಮ್ಮೆ ಬಿಪಿ, ಜ್ವರ ಬರೆಯುವ ಹಾಳೆ ಕೇಳಿ. ವಿಲ್ ತಾರೀಖಿನ ಬೆಳಗ್ಗೆಯಿಂದ ರಾತ್ರಿಯವರೆಗೆ ಅದರಲ್ಲಿ ಹಿರಿಯರ ಲೆಕ್ಕ ಇತ್ತು.

ಅರ್ಜಿಯ ಕೊನೆಗೆ 281ರ ಪ್ರಕಾರ ವಿಲ್‌ನ ಸಾಕ್ಷಿಯೊಬ್ಬ ಸಹಿ ಹಾಕಿದ್ದ. ಹಿರಿಯರು ತಮ್ಮ ಮನೆಯಲ್ಲಿ ತನ್ನ ಕಣ್ಣೆದುರು ಸಹಿ ಮಾಡಿದರು ಅಂತ. ಪಾಟೀಸವಾಲಿನಲ್ಲಿ ನಾನು ದವಾಖಾನೆ ಹಾಳೆಯನ್ನು ಮೊದಲು ತೋರಿಸಲಿಲ್ಲ. ಬೇರೆಯೇ ಒಂದು ಕಡೆಯಿಂದ ಶುರು ಮಾಡಿದೆ, ಅದನ್ನು ಇಲ್ಲಿ ಬರೆಯಲ್ಲ. ಕೊನೆಗೆ ಅವನೇ ಒಪ್ಪಿದ. ಕಾಗದ ಬಾಂಡ್ ರೈಟರ್ ಅಂಗಡಿಗೆ ಮಗನೇ ತಂದಿದ್ದ, ಹಿರಿಯರ ಸಹಿ ಮೊದಲೇ ಇತ್ತು, ಅವರು ಅಲ್ಲಿ ಇರಲಿಲ್ಲ. ಇಬ್ಬರು ಸಾಕ್ಷಿಗಳು ಒಟ್ಟಿಗೇ ಇರಬೇಕು ಅಂತೇನಿಲ್ಲ. ಆದರೆ ಪ್ರತಿಯೊಬ್ಬರೂ ವಿಲ್ ಮಾಡಿದವರ ಎದುರಿಗೇ ಸಹಿ ಹಾಕಿರಬೇಕು, ಅವರು ಸಹಿ ಮಾಡಿದ್ದನ್ನು ನೋಡಿರಬೇಕು, ಇಲ್ಲವೇ ಅದು ನನ್ನ ಸಹಿ ಅಂತ ಅವರ ಬಾಯಿಂದಲೇ ಕೇಳಿರಬೇಕು. ಅದು ಅಲ್ಲಿಗೆ ಮುರಿಯಿತು. ಎರಡನೇ ಸಾಕ್ಷಿ ಊರಲ್ಲೇ ಇದ್ದ, ಅವರು ಕರೆಸಲೇ ಇಲ್ಲ.

ಅರ್ಜಿ ವಜಾ ಆಯಿತು. ಹೆಣ್ಣುಮಕ್ಕಳಿಗೆ ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ತಿರ ಖರ್ಚು, ನನ್ನ ಫೀ ಸೇರಿಸಿ. ಮಗ ಅಪೀಲಿಗೆ ಧಾರವಾಡ ಹೈಕೋರ್ಟ್ ಪೀಠಕ್ಕೆ ಹೋಗುವ ಮಾತಾಡಿದ. ಹೋಗಲಿಲ್ಲ. ಈಗ ವಾಟ್ನಿಗೆ ಕೂತಿದ್ದಾರೆ, ಮೂರು ಸಮ ಪಾಲಿನ ಕರಡು ನನ್ನ ಮೇಜಿನ ಮೇಲಿದೆ.